ಪ್ರತಿ ಅಂದಾಜಿಗೂ ಕಾರಣ ಇದೆ, ಆದರೆ ಎಲ್ಲವೂ ಒಂದೇ ಕಡೆ ವಾಲಿವೆ: ಇಸಿಎಲ್ ಪ್ರಾವಿಷನ್ ಆಡಿಟ್ ಬಗ್ಗೆ ಸಲಹೆ ಬೇಕು

ಗಾಂಧಿಬಜಾರ್ ಹುಡುಗಿ · ಸೋಮವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಸಿಎ ಮುಗಿಸಿ ಎರಡು ವರ್ಷ ಆಯಿತು. ಬಸವನಗುಡಿಯ ಒಂದು ಮಧ್ಯಮ ಗಾತ್ರದ ಆಡಿಟ್ ಫರ್ಮ್‌ನಲ್ಲಿ ಇದ್ದೇನೆ. ಪೀಣ್ಯದ ಒಂದು ಮಶೀನಿಂಗ್ ಕಂಪನಿಯ ಮಾರ್ಚ್ 2025ರ ಆಡಿಟ್ ನಡೀತಿದೆ. ಹೆಸರು ಹೇಳಲ್ಲ, ಅಂಕಿಗಳನ್ನೂ ಸ್ವಲ್ಪ ದುಂಡಗೆ ಮಾಡಿದ್ದೇನೆ. ಲಿಸ್ಟೆಡ್ ಗುಂಪಿನ ಸಬ್ಸಿಡಿಯರಿ, ಹಾಗಾಗಿ ಇಂಡ್ ಎಎಸ್ ಲೆಕ್ಕ ನಿಯಮಗಳು.

ಗ್ರಾಹಕರಿಂದ ಬರಬೇಕಾದ ಬಾಕಿ ಒಟ್ಟು 40 ಕೋಟಿ. ಗಡುವು ದಾಟಿ ಎಷ್ಟು ದಿನ ಆಯಿತು ಅನ್ನೋದರ ಮೇಲೆ ಐದು ಗುಂಪು ಮಾಡಿ, ಒಂದೊಂದರಲ್ಲೂ ಎಷ್ಟು ಬಾರದೆ ಹೋಗಬಹುದು ಅಂತ ಒಂದು ಶೇಕಡಾ ಹಾಕಿದ್ದಾರೆ. ಇದೇ ಇಸಿಎಲ್ ಪ್ರಾವಿಷನ್. ಮೊದಲು ಈ ವರ್ಷದ ದರ, ಆಮೇಲೆ ಕಳೆದ ವರ್ಷದ್ದು:

ಗಡುವು ದಾಟದ್ದು, 24 ಕೋಟಿ: 0.3% (ಮೊದಲು 0.4%)
1–90 ದಿನ, 9 ಕೋಟಿ: 1.5% (ಮೊದಲು 2%)
91–180 ದಿನ, 4 ಕೋಟಿ: 6% (ಮೊದಲು 8%)
181–365 ದಿನ, 2 ಕೋಟಿ: 20% (ಮೊದಲು 30%)
365 ದಿನ ದಾಟಿದ್ದು, 1 ಕೋಟಿ: 60% (ಮೊದಲು 100%)

ಈ ವರ್ಷದ ದರದಲ್ಲಿ ಪ್ರಾವಿಷನ್ 1.45 ಕೋಟಿ. ಕಳೆದ ವರ್ಷದ ದರವನ್ನೇ ಇಟ್ಟಿದ್ದರೆ 2.20 ಕೋಟಿ ಆಗ್ತಿತ್ತು. ವ್ಯತ್ಯಾಸ 75 ಲಕ್ಷ. ನಮ್ಮ ಮೆಟೀರಿಯಾಲಿಟಿ, ಅಂದರೆ ಇದಕ್ಕಿಂತ ದೊಡ್ಡ ತಪ್ಪನ್ನು ಬಿಡೋಕಾಗದ ಮಿತಿ, 45 ಲಕ್ಷ.

ದರ ಯಾಕೆ ಇಳಿಸಿದಿರಿ ಅಂತ ಕೇಳಿದೆ. ಮೊದಲು ಐದು ವರ್ಷದ ವಸೂಲಿ ಚರಿತ್ರೆ ನೋಡ್ತಿದ್ದರು, ಈಗ ಮೂರೇ ವರ್ಷ. ಕೋವಿಡ್ ಕಾಲದ ನಷ್ಟ ಇವತ್ತಿನ ಗ್ರಾಹಕರಿಗೆ ಅನ್ವಯಿಸಲ್ಲ ಅನ್ನೋದು ಅವರ ವಾದ. ಕೊನೆಯ ಗುಂಪಿನಲ್ಲಿ ಕೆಲವರ ಜೊತೆ ಮಾತುಕತೆ ನಡೀತಿದೆ, ಸ್ವಲ್ಪ ದುಡ್ಡು ಬರುತ್ತೆ, ಅದಕ್ಕೇ 60% ಅಂತೆ.

ಪಾರ್ಟ್ನರ್ ಸರ್‌ಗೆ ತೋರಿಸಿದೆ. "ಪ್ರತಿಯೊಂದಕ್ಕೂ ಕಾರಣ ಇದೆಯಲ್ಲಮ್ಮ, ಡಾಕ್ಯುಮೆಂಟ್ ಮಾಡಿ ಮುಗಿಸು" ಅಂದರು. ನನಗೆ ಮುಳ್ಳಿನ ಹಾಗೆ ಚುಚ್ತಿರೋದು ಒಂದೇ. ತೆರಿಗೆಗೆ ಮುಂಚಿನ ಲಾಭ 9.04 ಕೋಟಿ. ಮಾತೃ ಕಂಪನಿ ಕೊಟ್ಟಿದ್ದ ಬಜೆಟ್ 9 ಕೋಟಿ.

ನಾನು ಸುಮ್ನೆ ಅನುಮಾನ ಪಡ್ತಿದ್ದೇನಾ? ಇದನ್ನು ಪಕ್ಷಪಾತ ಅಂತ ತೋರಿಸೋದು ಹೇಗೆ?

---

ವಿಜಯನಗರ ವಿನಯ್ · ಸೋಮವಾರ, ರಾತ್ರಿ 11:15

ಸಿಂಪಲ್. 30 ದಿನ ದಾಟಿದರೆ ಸ್ಟೇಜ್ 2, 90 ದಾಟಿದರೆ ಸ್ಟೇಜ್ 3. ಅವರು ಸ್ಟೇಜ್ ಹಾಕೇ ಇಲ್ಲ. ಅದನ್ನೇ ತಪ್ಪು ಅಂತ ಬರೆಯಿರಿ, ಮುಗೀತು.

---

ಜಯನಗರ 4ನೇ ಬ್ಲಾಕ್ · ಸೋಮವಾರ, ರಾತ್ರಿ 11:32

ವಿನಯ್, ಅದು ಸಾಲಗಳಿಗೆ. ಮಾಮೂಲಿ ವ್ಯಾಪಾರದ ಬಾಕಿಗೆ ಸ್ಟೇಜ್ ಬೇಕಿಲ್ಲ, ಮೊದಲ ದಿನದಿಂದಲೇ ಪೂರ್ತಿ ಅವಧಿಯ ನಷ್ಟ ಹಾಕಬೇಕು. ಅದಕ್ಕೆ ಹೀಗೆ ಗುಂಪು ಮಾಡಿ ಶೇಕಡಾ ಹಾಕೋದನ್ನು ಇಂಡ್ ಎಎಸ್ 109 ಒಪ್ಪುತ್ತೆ. ವಿಧಾನದಲ್ಲಿ ತಪ್ಪಿಲ್ಲ, ಪ್ರಶ್ನೆ ಇರೋದು ದರದಲ್ಲಿ. ಆದರೆ 90 ದಿನ ದಾಟಿದರೆ ಡಿಫಾಲ್ಟ್ ಅಂತ ಭಾವಿಸಬೇಕು, ಹಾಗಲ್ಲ ಅಂತ ತೋರಿಸೋ ಭಾರ ಕಂಪನಿ ಮೇಲೆ. ಆ ಮಟ್ಟಿಗೆ ನಿಮ್ಮ ಮಾತಲ್ಲಿ ಹುರುಳಿದೆ.

---

ಲೆಕ್ಕದ ರಾಯರು · ಮಂಗಳವಾರ, ಬೆಳಿಗ್ಗೆ 6:10

ಗಾಂಧಿಬಜಾರ್, ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಕೇಳಿದ ಪ್ರಶ್ನೆ ಮಾತ್ರ ಸ್ವಲ್ಪ ಪಕ್ಕಕ್ಕೆ ಸರಿದಿದೆ. ಮನಸ್ಸಿನೊಳಗಿನ ಪಕ್ಷಪಾತವನ್ನು ನೀವು ತೋರಿಸಬೇಕಾಗಿಲ್ಲ. ಅಂದಾಜುಗಳ ಆಡಿಟ್‌ಗೆ ಇರೋ ಎಸ್‌ಎ 540 ಕೇಳೋದು ಅದರ ಸುಳಿವುಗಳು ಕಾಣ್ತಿವೆಯಾ ಅಂತ. ಪ್ರತಿ ಊಹೆಯನ್ನೂ ಬೇರೆ ಬೇರೆ ನೋಡಿದರೆ ಎಲ್ಲಕ್ಕೂ ಕಾರಣ ಸಿಗುತ್ತೆ. ಐದಕ್ಕೆ ಐದು ದರವೂ ಇಳಿದಿದೆ, ಒಂದೂ ಏರಿಲ್ಲ. ಇಳಿದ ಮೇಲೆ ಲಾಭ ಬಜೆಟ್‌ಗಿಂತ 4 ಲಕ್ಷ ಮೇಲೆ ಬಂದು ನಿಂತಿದೆ. ಇದೇ ಒಂದು ಸುಳಿವು. ಇಷ್ಟರಿಂದಲೇ ತೀರ್ಪು ಕೊಡೋಕೆ ಆಗಲ್ಲ, ಆದರೆ ಹೀಗೇ ಬಿಟ್ಟು ಮುಗಿಸೋಕೂ ಆಗಲ್ಲ.

ನಾನಾಗಿದ್ದರೆ ಮೊದಲು ಹಿಂದಿನ ವರ್ಷಕ್ಕೆ ಹೋಗ್ತಿದ್ದೆ. ಮಾರ್ಚ್ 2024ರ ಏಜಿಂಗ್ ಪಟ್ಟಿ ತೆಗೀರಿ. ಅದರಲ್ಲಿದ್ದ ಒಂದೊಂದು ಬಿಲ್ಲಿಗೂ ಈ 12 ತಿಂಗಳಲ್ಲಿ ಏನಾಯಿತು ನೋಡಿ. ದುಡ್ಡು ಬಂತಾ, ರೈಟ್ ಆಫ್ ಆಯಿತಾ, ಕ್ರೆಡಿಟ್ ನೋಟ್‌ನಲ್ಲಿ ಹೋಯಿತಾ, ಹಾಗೇ ಕೂತಿದೆಯಾ? ಒಟ್ಟು ಮೊತ್ತ ನೋಡಿ ಎದ್ದು ಬರಬೇಡಿ, ಗುಂಪು ಗುಂಪಾಗಿ ನೋಡಿ. ಕಳೆದ ವರ್ಷ ಅವರು ಅಂದಾಜು ಮಾಡಿದ್ದು ತಪ್ಪು ಅಂತ ಈಗ ಬೆರಳು ತೋರಿಸೋಕೆ ಅಲ್ಲ ಇದು. ಆಗ ಗೊತ್ತಿಲ್ಲದ್ದು ಈಗ ಗೊತ್ತಾಗಿರಬಹುದು. ಅಂದಾಜಿಗೂ ಆದದ್ದಕ್ಕೂ ಇರೋ ಅಂತರ ಯಾವ ಕಡೆಗೆ ಅನ್ನೋದು ನಿಮಗೆ ಬೇಕು.

ಆಮೇಲೆ 60% ಅನ್ನೋದನ್ನು ತಿರುಗಿಸಿ ಓದಿ. ಒಂದು ವರ್ಷಕ್ಕಿಂತ ಹಳೆಯ 1 ಕೋಟಿಯಲ್ಲಿ 40 ಲಕ್ಷ ವಾಪಸ್ ಬರುತ್ತೆ ಅಂತ ಅವರು ಹೇಳ್ತಿದ್ದಾರೆ. ಕಳೆದ ಮಾರ್ಚ್‌ನಲ್ಲಿ ಇದೇ ಗುಂಪಿನಲ್ಲಿ ಎಷ್ಟಿತ್ತು, ಅದರಲ್ಲಿ ಎಷ್ಟು ಬಂತು? ಆ ಒಂದೇ ಅಂಕಿ ತೆಗೆದುಕೊಂಡು ಹೋಗಿ ಮೇಜಿನ ಮೇಲಿಡಿ.

ಇನ್ನೊಂದು ವಿಷಯ. ಎಲ್ಲರೂ ಹಳೇ ಬಾಕಿಗಳನ್ನೇ ಕೆದಕುತ್ತಾರೆ. ನೀವು "ಗಡುವು ದಾಟದ್ದು" ಅಂತ ಇರೋ 24 ಕೋಟಿ ಒಳಗೆ ಕೈ ಹಾಕಿ. ದರ ಇಳಿಸಿದರೆ ಎಲ್ಲರ ಕಣ್ಣಿಗೂ ಬೀಳುತ್ತೆ. ಬಿಲ್ಲನ್ನು ಹಳೇ ಗುಂಪಿನಿಂದ ಹೊಸ ಗುಂಪಿಗೆ ಜರುಗಿಸಿದರೆ ಯಾರ ಕಣ್ಣಿಗೂ ಬೀಳಲ್ಲ. ಮಾರ್ಚ್ ಕೊನೇ ವಾರದ ಕ್ರೆಡಿಟ್ ನೋಟ್ ರಿಜಿಸ್ಟರ್ ತೆಗೆದು, ಅದೇ ಗ್ರಾಹಕನಿಗೆ ಅದೇ ವಾರ ಅದೇ ಮೊತ್ತದ ಹೊಸ ಬಿಲ್ ಆಗಿದೆಯಾ ನೋಡಿ. ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಏಪ್ರಿಲ್ 2023ರಿಂದ ಕಡ್ಡಾಯ. ಗ್ರಾಹಕರ ಕ್ರೆಡಿಟ್ ದಿನ ಯಾವಾಗ ಬದಲಾಯಿತು ಅನ್ನೋದೂ ಅಲ್ಲಿ ಸಿಗುತ್ತೆ.

---

ಖಾತೆ ಕಿಟ್ಟಪ್ಪ · ಮಂಗಳವಾರ, ಬೆಳಿಗ್ಗೆ 9:05

ಪ್ರಾವಿಷನ್ ಕಡಿಮೆ ಮಾಡಿದರೆ ಟ್ಯಾಕ್ಸ್ ಜಾಸ್ತಿ ಕಟ್ಟಬೇಕು ಅಲ್ವಾ? ಯಾವ ಕಂಪನಿ ತಾನಾಗಿ ಟ್ಯಾಕ್ಸ್ ಜಾಸ್ತಿ ಮಾಡ್ಕೊಳ್ಳುತ್ತೆ? ನಮ್ಮ ಅಂಗಡಿಯಲ್ಲಿ ಎರಡು ವರ್ಷದ ಹಿಂದೆ ಒಬ್ಬ 3 ಲಕ್ಷ ಕೈ ಎತ್ತಿದ. ನಾವು ಪೂರ್ತಿ ಖರ್ಚು ಹಾಕಿದೆವು.

---

ಜಯನಗರ 4ನೇ ಬ್ಲಾಕ್ · ಮಂಗಳವಾರ, ಬೆಳಿಗ್ಗೆ 9:20

ಕಿಟ್ಟಪ್ಪನವರೇ, ನೀವು ಮಾಡಿದ್ದು ರೈಟ್ ಆಫ್, ಅದು ಖರ್ಚಿಗೆ ಸಿಗುತ್ತೆ. ಇಂಥ ಕಂಪನಿಗೆ ಬರೀ ಪ್ರಾವಿಷನ್ ಆದಾಯ ತೆರಿಗೆಯಲ್ಲಿ ಖರ್ಚು ಅಂತ ಸಿಗಲ್ಲ. ಹಾಗಾಗಿ ಇಳಿಸಿದರೆ ಕಟ್ಟೋ ತೆರಿಗೆ ಏರಲ್ಲ, ತೋರಿಸೋ ಲಾಭ ಮಾತ್ರ ಏರುತ್ತೆ.

---

ಪೀಣ್ಯ ಫೈನಾನ್ಸ್ · ಮಂಗಳವಾರ, ಮಧ್ಯಾಹ್ನ 1:40

ನಾನು ಮೇಜಿನ ಆ ಕಡೆ ಕೂತಿರೋನು. ಬೇರೆ ಕಂಪನಿ, ಆದರೆ ಇದೇ ಪೀಣ್ಯ, ಇದೇ ತರಹದ ಕೆಲಸ. ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡಿ.

ಪ್ರಾವಿಷನ್ ಏರಿಸಿದರೆ ಆಡಿಟರ್‌ಗಳು ಒಂದು ಪ್ರಶ್ನೆ ಕೇಳಲ್ಲ. ಇಳಿಸಿದರೆ ನೂರು ಪ್ರಶ್ನೆ. ಏರಿಸೋದೂ ಪಕ್ಷಪಾತ ಅಲ್ವಾ? ಸ್ಟ್ಯಾಂಡರ್ಡ್ ಹೇಳೋದು ಯಾವ ಕಡೆಗೂ ವಾಲದ ಅಂದಾಜು, ಭಯದ ಅಂದಾಜಲ್ಲ. ಕೋವಿಡ್ ವರ್ಷವನ್ನು ಇಟ್ಟುಕೊಂಡು ಇನ್ನೂ ಎಷ್ಟು ದಿನ ಲೆಕ್ಕ ಹಾಕೋದು? ಆಗ ಪೀಣ್ಯದಲ್ಲಿ ಮಶೀನುಗಳೇ ನಿಂತಿದ್ದವು, ಗ್ರಾಹಕರ ಕಾರ್ಖಾನೆಗೆ ಬೀಗ. ಇವತ್ತಿನ ಗ್ರಾಹಕನಿಗೂ ಅದಕ್ಕೂ ಏನು ಸಂಬಂಧ?

ಕಳೆದ ವರ್ಷ ಅವರು ಹಾಕಿದ ಪ್ರಾವಿಷನ್‌ಗಿಂತ ನಿಜವಾದ ನಷ್ಟ ಕಡಿಮೆ ಆಗಿದ್ದರೆ, ಈ ವರ್ಷ ಇಳಿಸೋದೇ ನ್ಯಾಯ. ಅದನ್ನೂ ನೋಡಿ.

---

ಲೆಕ್ಕದ ರಾಯರು · ಮಂಗಳವಾರ, ಮಧ್ಯಾಹ್ನ 2:25

ಪೀಣ್ಯದವರು ಹೇಳಿದ್ದು ನಿಜ. ಒಳ್ಳೇ ವರ್ಷದಲ್ಲಿ ಕೊಬ್ಬಿಸಿ ಇಟ್ಟು, ಕೆಟ್ಟ ವರ್ಷದಲ್ಲಿ ಬಿಚ್ಚೋದೂ ಅದೇ ಆಟ. ನಮ್ಮಲ್ಲಿ ಬಹಳ ಜನ ಏರಿಸಿದ್ದನ್ನು ಕಣ್ಣು ಮುಚ್ಚಿ ಬಿಡ್ತಾರೆ.

ಕೋವಿಡ್ ಬಗ್ಗೆ ಮಾತ್ರ ಒಂದು ಪ್ರಶ್ನೆ. ಐದು ವರ್ಷ ಅಂದರೆ 2020-21ರಿಂದ 2024-25. ಮೂರು ವರ್ಷ ಅಂದರೆ 2022-23ರಿಂದ. 2020-21 ಬಿಟ್ಟರು, ಒಪ್ಪಿದೆ. 2021-22 ಯಾಕೆ ಬಿಟ್ಟರು? ಗಾಂಧಿಬಜಾರ್, ಮೊದಲನೇ ವರ್ಷ ಒಂದನ್ನೇ ತೆಗೆದು ನಾಲ್ಕು ವರ್ಷಕ್ಕೆ ದರ ಹಾಕಿ ನೋಡಿ. ಅವರು ಕೊಟ್ಟ ಕಾರಣ ಎಲ್ಲಿಯವರೆಗೆ ನಡೆಯುತ್ತೆ, ಎಲ್ಲಿಂದ ಅನುಕೂಲ ಶುರುವಾಗುತ್ತೆ ಅಂತ ಅಲ್ಲಿ ಗೊತ್ತಾಗುತ್ತೆ.

---

ಗಾಂಧಿಬಜಾರ್ ಹುಡುಗಿ · ಗುರುವಾರ, ರಾತ್ರಿ 9:30

ಎರಡು ದಿನ ಪೀಣ್ಯದಲ್ಲೇ ಇದ್ದೆ. ಬರೆಯೋದು ತಡವಾಯಿತು, ಕ್ಷಮಿಸಿ.

ಮೊದಲು ಹಿಂದಿನ ವರ್ಷದ್ದು. ಮಾರ್ಚ್ 2024ರಲ್ಲಿ 365 ದಿನ ದಾಟಿದ್ದು 80 ಲಕ್ಷ ಇತ್ತು. ಪೂರ್ತಿ ವರ್ಷದಲ್ಲಿ ಬಂದದ್ದು 6 ಲಕ್ಷ. 70 ಲಕ್ಷ ರೈಟ್ ಆಫ್ ಮಾಡಿದ್ದಾರೆ, 4 ಲಕ್ಷ ಹಾಗೇ ಇದೆ. ಅಂದರೆ ನೂರಕ್ಕೆ ಏಳೂವರೆ ರೂಪಾಯಿ ಬಂದಿದೆ. ಈ ವರ್ಷ ನೂರಕ್ಕೆ ನಲವತ್ತು ಬರುತ್ತೆ ಅಂತಿದ್ದಾರೆ. "ಮಾತುಕತೆ ನಡೀತಿದೆ" ಅಂದದ್ದಕ್ಕೆ ಕಾಗದ ಕೇಳಿದೆ. ಒಬ್ಬ ಗ್ರಾಹಕನ ಒಂದು ವಾಟ್ಸ್ಆ್ಯಪ್ ಸಂದೇಶ ತೋರಿಸಿದರು. "ಮುಂದಿನ ತಿಂಗಳು ನೋಡೋಣ" ಅಂತ ಇತ್ತು. ಅದು ಡಿಸೆಂಬರ್‌ದು.

181–365 ಗುಂಪಿನಲ್ಲಿ ಆಗ 2.4 ಕೋಟಿ ಇತ್ತು. ಅದರಲ್ಲಿ 70 ಲಕ್ಷ ಇವತ್ತಿಗೂ ಬಂದಿಲ್ಲ. ಹತ್ತಿರ ಹತ್ತಿರ 29%. ಹಳೇ ದರ 30%, ಹೊಸದು 20%.

ಪೀಣ್ಯ ಫೈನಾನ್ಸ್ ಸರ್, ನೀವು ಹೇಳಿದ್ದನ್ನೂ ನೋಡಿದೆ. ನೀವು ಹೇಳಿದ್ದು ನಿಜ. ಕಳೆದ ವರ್ಷದ ಒಟ್ಟು ಪ್ರಾವಿಷನ್ 2.05 ಕೋಟಿ. ರೈಟ್ ಆಫ್ ಆದದ್ದು, ಇನ್ನೂ ಬಾರದ್ದು ಎಲ್ಲ ಸೇರಿಸಿದರೂ 1.70 ಕೋಟಿ. 35 ಲಕ್ಷ ಜಾಸ್ತಿ ಹಾಕಿದ್ದರು. ಆದರೆ ಆ 35ರಲ್ಲಿ 27 ಲಕ್ಷ ಎಳೇ ಗುಂಪುಗಳದ್ದು, ಅಂದರೆ 180 ದಿನದ ಒಳಗಿನದ್ದು. ಅಲ್ಲಿ 53 ಲಕ್ಷ ಹಾಕಿದ್ದರು, 26 ಮಾತ್ರ ಉಳಿದಿದೆ. ಹಳೇ ಎರಡು ಗುಂಪಿನಲ್ಲಿ ಅಂದಾಜು ಹೆಚ್ಚು ಕಡಿಮೆ ಸರಿಯಾಗೇ ಇತ್ತು. ಈ ವರ್ಷ ಇಳಿಸಿದ 75 ಲಕ್ಷದಲ್ಲಿ 60 ಲಕ್ಷ ಇಳಿಸಿರೋದು ಮಾತ್ರ ಆ ಹಳೇ ಎರಡು ಗುಂಪಿನಲ್ಲಿ.

ನಾಲ್ಕು ವರ್ಷದ ಲೆಕ್ಕ ಹಾಕಿದೆ. 181–365ಕ್ಕೆ ದರ 26% ಬರುತ್ತೆ. 2021-22 ಬಿಟ್ಟಾಗಲೇ ಅದು 20ಕ್ಕೆ ಬೀಳೋದು. ಆ ವರ್ಷ ಒಬ್ಬ ಡೀಲರ್ ಅಂಗಡಿ ಮುಚ್ಚಿದ್ದ. "ಅದು ಒಂದೇ ಸಲ ಆಗಿದ್ದು" ಅಂದರು.

ಈಗ ರಾಯರು ಹೇಳಿದ ಕ್ರೆಡಿಟ್ ನೋಟ್. ಮಾರ್ಚ್ 29ರಂದು ಕೊಯಮತ್ತೂರಿನ ಒಬ್ಬ ಗ್ರಾಹಕನಿಗೆ 1.5 ಕೋಟಿ ಕ್ರೆಡಿಟ್ ನೋಟ್, ಅದೇ ದಿನ ಅಷ್ಟೇ ಮೊತ್ತದ ಹೊಸ ಬಿಲ್. ಮೂಲ ಬಿಲ್ ಜುಲೈ 20ರದ್ದು. 60 ದಿನದ ಕ್ರೆಡಿಟ್, ಸೆಪ್ಟೆಂಬರ್ 18ಕ್ಕೆ ಗಡುವು. ಮಾರ್ಚ್ 31ಕ್ಕೆ ಗಡುವು ದಾಟಿ 194 ದಿನ. ಹೊಸ ಬಿಲ್ ಆದ ಮೇಲೆ ಏಜಿಂಗ್‌ನಲ್ಲಿ ಅದು "ಗಡುವು ದಾಟದ್ದು".

ಹೊಸ ಬಿಲ್ಲಿನ ಇ-ವೇ ಬಿಲ್ ಕೊಡಿ ಅಂದೆ. ಅಕೌಂಟ್ಸ್ ಹುಡುಗ ಸುಮಾರು ಹೊತ್ತು ಕಂಪ್ಯೂಟರ್ ನೋಡಿದ, ಆಮೇಲೆ "ಮೇಡಂ, ಇದಕ್ಕೆ ಇಲ್ಲ" ಅಂದ. ಗೇಟಿಗೆ ಹೋಗಿ ಸೆಕ್ಯುರಿಟಿಯವರ ರಿಜಿಸ್ಟರ್ ನೋಡಿದೆ. ಮಾರ್ಚ್ 28, 29, 30 ಮೂರು ದಿನವೂ ಕೊಯಮತ್ತೂರಿಗೆ ಒಂದು ಗಾಡಿಯೂ ಹೊರಟಿಲ್ಲ. ಮಾಲು ಹೋಗಿದ್ದು ಜುಲೈನಲ್ಲೇ.

ಫೈನಾನ್ಸ್ ಮ್ಯಾನೇಜರ್ ಕಾರಣ ಕೊಟ್ಟರು. ಹಳೇ ಬಿಲ್ಲಿನಲ್ಲಿ ಪಿಒ ನಂಬರ್ ತಪ್ಪಿತ್ತು, ಗ್ರಾಹಕರೇ ಬದಲಿಸಿ ಕೊಡಿ ಅಂದರು ಅಂತ. ಗ್ರಾಹಕನ ಇಮೇಲ್ ಇದೆ, ನಾನೇ ನೋಡಿದೆ. ನಿಜವಾದದ್ದೇ ಅನ್ಸುತ್ತೆ. ಎಡಿಟ್ ಲಾಗ್‌ನಲ್ಲಿ ಬೇರೆ ಯಾವ ಗ್ರಾಹಕನದೂ ಬದಲಾಗಿಲ್ಲ. ಇದೊಂದೇ.

ಈಗ ಏನು ಮಾಡಲಿ?

---

ಸಿಲ್ಕ್ ಬೋರ್ಡ್ ಸವಿತಾ · ಗುರುವಾರ, ರಾತ್ರಿ 10:10

ಅಯ್ಯೋ, ಇದು ನಮ್ಮ ಕಥೆಯ ತಮ್ಮ! ನಾನು ಒಂದು ಎನ್‌ಬಿಎಫ್‌ಸಿಯಲ್ಲಿ ರಿಸ್ಕ್ ವಿಭಾಗದಲ್ಲಿ ಇದ್ದೆ. ಅಲ್ಲಿ ಬೈಕ್ ಸಾಲಗಳು. ಕೋವಿಡ್ ಸಮಯದಲ್ಲಿ ಮಾಡೆಲ್ ಮೇಲೆ ಒಂದಿಷ್ಟು ಜಾಸ್ತಿ ಮೊತ್ತ ಕೈಯಲ್ಲೇ ಸೇರಿಸಿದ್ದೆವು. ಅದು ಎರಡು ವರ್ಷ ಹಾಗೇ ಕೂತಿತ್ತು, ಯಾರೂ ಮುಟ್ಟಲಿಲ್ಲ. ಒಂದು ಮಾರ್ಚ್‌ನಲ್ಲಿ ಲಾಭ ಕಮ್ಮಿ ಬಿತ್ತು ನೋಡಿ, "ಇನ್ನು ಇದರ ಅಗತ್ಯ ಇಲ್ಲ" ಅಂತ ಅರ್ಧ ತೆಗೆದರು. ಅಗತ್ಯ ಇಲ್ಲದ್ದು ನಿಜವೇ. ಆದರೆ ಅಗತ್ಯ ಡಿಸೆಂಬರ್‌ನಲ್ಲೂ ಇರಲಿಲ್ಲ, ಸೆಪ್ಟೆಂಬರ್‌ನಲ್ಲೂ ಇರಲಿಲ್ಲ.

ನಮಗೆ ಒಂದು ತಡೆ ಇತ್ತು. ಮಾರ್ಚ್ 2020ರ ಆರ್‌ಬಿಐ ಸುತ್ತೋಲೆ ಪ್ರಕಾರ ಇಸಿಎಲ್ ಪ್ರಾವಿಷನ್ ಹಳೇ ಎನ್‌ಪಿಎ ನಿಯಮದ ಪ್ರಾವಿಷನ್‌ಗಿಂತ ಕಡಿಮೆ ಬಂದರೆ, ಆ ವ್ಯತ್ಯಾಸವನ್ನು ಲಾಭದಿಂದ ತೆಗೆದು ಬೇರೆ ರಿಸರ್ವ್‌ನಲ್ಲಿ ಇಡಬೇಕು. ನಿಮ್ಮ ಪೀಣ್ಯ ಕಂಪನಿಗೆ ಅಂಥ ತಳವೇ ಇಲ್ಲ. ಎಷ್ಟು ಬೇಕಾದರೂ ಇಳಿಯಬಹುದು.

ಒಂದು ಸಲಹೆ: ಬ್ಯಾಂಕಿಗೆ ಅವರು ಏನು ಬರೆದಿದ್ದಾರೆ ನೋಡಿ. ಲಿಮಿಟ್ ಜಾಸ್ತಿ ಕೇಳುವಾಗ ಎಲ್ಲರೂ ನಿಜ ಹೇಳ್ತಾರೆ.

---

ಲೆಕ್ಕದ ರಾಯರು · ಶುಕ್ರವಾರ, ಬೆಳಿಗ್ಗೆ 6:30

ಗೇಟ್ ರಿಜಿಸ್ಟರ್‌ವರೆಗೂ ಹೋದಿರಲ್ಲ, ಶಹಬ್ಬಾಸ್.

ಮೊದಲು ಕೊಯಮತ್ತೂರು. ಅದು ಮೋಸ ಅಂತ ಈಗಲೇ ಬರೆಯಬೇಡಿ. ಪಿಒ ನಂಬರ್ ತಪ್ಪಾಗಿ ಬಿಲ್ ಬದಲಾಗೋದು ದಿನಾ ನಡೆಯೋ ವ್ಯವಹಾರ. ಆದರೆ ಕಾಗದ ಬದಲಾಯಿತು ಅಂತ ಸಾಲದ ವಯಸ್ಸು ಕಡಿಮೆ ಆಗಲ್ಲ. ಮಾಲು ಜುಲೈನಲ್ಲಿ ಹೋಗಿದೆ, ದುಡ್ಡು ಸೆಪ್ಟೆಂಬರ್‌ನಲ್ಲಿ ಬರಬೇಕಿತ್ತು. ಏಜಿಂಗ್ ಅಲ್ಲಿಂದಲೇ ಎಣಿಸಬೇಕು. ಕಂಪನಿ ಗ್ರಾಹಕನಿಗೆ ಹೊಸ ಗಡುವನ್ನೇ ಕೊಟ್ಟಿದ್ದರೆ ಅದು ಇನ್ನೂ ಕೆಟ್ಟ ಸುದ್ದಿ. ಕೊಡೋಕೆ ಆಗದವನಿಗೆ ತಾನೇ ಅವಧಿ ಮುಂದೂಡೋದು? ಬ್ಯಾಲೆನ್ಸ್ ಕನ್ಫರ್ಮೇಶನ್ ಕಳಿಸುವಾಗ ಒಟ್ಟು ಮೊತ್ತ ಕೇಳಬೇಡಿ. ಬಿಲ್ಲುವಾರು ಕೇಳಿ. ಮಾಲು ಬಂದ ದಿನ ಮತ್ತು ಅವರಿಗೆ ಏನಾದರೂ ತಕರಾರು ಇದೆಯಾ ಅನ್ನೋದನ್ನೂ ಕೇಳಿ. ಉತ್ತರ ನೇರ ನಿಮ್ಮ ಆಫೀಸಿಗೆ ಬರಲಿ.

ಈಗ ನಿಮ್ಮದೇ ಒಂದು ರೇಂಜ್ ಕಟ್ಟಿ. ಎಳೇ ಮೂರು ಗುಂಪಿಗೆ ಅವರ ಹೊಸ ದರವನ್ನೇ ಒಪ್ಪಿಕೊಳ್ಳಿ. ಕಳೆದ ವರ್ಷದ ಅನುಭವ ಅವರ ಕಡೆ ಇದೆ. ಇದು ನಿಮಗೂ ಒಳ್ಳೇದು, ಪೂರ್ತಿ ಬೇಡ ಅಂತಿಲ್ಲ ಅನ್ನೋದು ಕಾಣುತ್ತೆ. ಆ 1.5 ಕೋಟಿಯನ್ನು ಅದರ ಜಾಗಕ್ಕೆ ವಾಪಸ್ ಹಾಕಿ. ಆಗ 181–365 ಗುಂಪು 3.5 ಕೋಟಿ ಆಗುತ್ತೆ. ಕೆಳಗಿನ ತುದಿಗೆ ಆ ಗುಂಪಿಗೆ 26%, ಹಳೇದಕ್ಕೆ 92%. ಮೇಲಿನ ತುದಿಗೆ 30% ಮತ್ತು 100%. ನನ್ನ ಲೆಕ್ಕದಲ್ಲಿ 2.27 ಕೋಟಿಯಿಂದ 2.49 ಕೋಟಿ ಬರುತ್ತೆ. ಅಂತರ 22 ಲಕ್ಷ, ಮೆಟೀರಿಯಾಲಿಟಿಯ ಅರ್ಧ. ರೇಂಜ್ ಇದಕ್ಕಿಂತ ಅಗಲ ಆದರೆ ಏನು ಹಾಕಿದರೂ ಒಳಗೇ ಬೀಳುತ್ತೆ, ಆಗ ಅದರಿಂದ ಉಪಯೋಗ ಇಲ್ಲ.

ಅವರ ಅಂಕಿ 1.45. ಹತ್ತಿರದ ತುದಿ 2.27. ಹಾಗಾಗಿ ತಪ್ಪು ಕನಿಷ್ಠ 82 ಲಕ್ಷ. ಮಧ್ಯದ ಅಂಕಿಯಿಂದ ಎಣಿಸಬೇಡಿ, ಅಲ್ಲೇ ಜಗಳ ಶುರುವಾಗುತ್ತೆ. ಆ 82ನ್ನು ಬಿಡಿಸಿ ಬರೀರಿ: ಬಿಲ್ ಜರುಗಿದ್ದರಿಂದ ಸುಮಾರು 29.5 ಲಕ್ಷ, 365 ದಾಟಿದ ಗುಂಪಿನ ದರದಿಂದ 32, 181–365 ಗುಂಪಿನ ದರದಿಂದ 21. ಮೊದಲನೆಯದು ಅಭಿಪ್ರಾಯದ ಮಾತಲ್ಲ, ನೇರ ತಪ್ಪು. ಉಳಿದೆರಡು ತೀರ್ಮಾನದ ವಿಷಯ. ಮೀಟಿಂಗ್‌ನಲ್ಲಿ ಎರಡನ್ನೂ ಬೆರೆಸಿದರೆ ಅವರು ಎಲ್ಲವನ್ನೂ ಅಭಿಪ್ರಾಯ ಅಂತ ಮಾಡಿಬಿಡ್ತಾರೆ.

---

ಪೀಣ್ಯ ಫೈನಾನ್ಸ್ · ಶುಕ್ರವಾರ, ಬೆಳಿಗ್ಗೆ 10:15

ಬಿಲ್ ವಿಷಯದಲ್ಲಿ ನಾನು ಬಾಯಿ ಮುಚ್ಚಿಕೊಳ್ತೀನಿ, ಅದು ಸರಿಯಲ್ಲ. ಆದರೆ ರಾಯರೇ, 92% ಅನ್ನೋದು ಒಂದೇ ವರ್ಷದ ಅನುಭವ. 80 ಲಕ್ಷದಲ್ಲಿ ಐದಾರು ಗ್ರಾಹಕರು ಇದ್ದಿರಬಹುದು. ಅವರು ಮೂರು ವರ್ಷದ ಚರಿತ್ರೆ ತಂದರೆ ಕಡಿಮೆ ಆಯಿತು ಅಂತೀರಿ, ನೀವು ಒಂದೇ ವರ್ಷದ್ದನ್ನು ತಂದು ರೇಂಜ್ ಕಟ್ತೀರಿ.

---

ಲೆಕ್ಕದ ರಾಯರು · ಶುಕ್ರವಾರ, ಬೆಳಿಗ್ಗೆ 10:50

ಒಪ್ಪಿದೆ, ಅದು ತೆಳ್ಳಗಿದೆ. ಆ ಗುಂಪಿಗೆ ಸರಾಸರಿಯೇ ಸರಿಯಾದ ದಾರಿ ಅಲ್ಲ. 1 ಕೋಟಿಯಲ್ಲಿ ಗ್ರಾಹಕರು ಕಡಿಮೆ ಇದ್ದರೆ ಒಬ್ಬೊಬ್ಬರ ಫೈಲ್ ತೆಗೆದು ನೋಡೋದೇ ಮೇಲು. ಅವರು 40 ಲಕ್ಷ ಯಾರಿಂದ ಬರುತ್ತೆ ಅಂತ ಹೆಸರು ಹೇಳಿ, ಏಪ್ರಿಲ್-ಮೇನಲ್ಲಿ ಬ್ಯಾಂಕಿಗೆ ಬಂದದ್ದು ತೋರಿಸಿದರೆ ನನ್ನ 92 ಬಿಟ್ಟುಬಿಡ್ತೀನಿ.

---

ವಿಜಯನಗರ ವಿನಯ್ · ಶುಕ್ರವಾರ, ಮಧ್ಯಾಹ್ನ 12:05

ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಶನ್ ಲೆಟರ್‌ನಲ್ಲಿ "ಊಹೆಗಳು ಸಮಂಜಸ" ಅಂತ ಬರೆಸಿಕೊಂಡರೆ ನಿಮ್ಮ ತಲೆ ಮೇಲಿಂದ ಇಳಿಯುತ್ತೆ ಅಲ್ವಾ?

---

ಜಯನಗರ 4ನೇ ಬ್ಲಾಕ್ · ಶುಕ್ರವಾರ, ಮಧ್ಯಾಹ್ನ 12:20

ಇಳಿಯಲ್ಲ. ಆ ಲೆಟರ್ ಹೇಗೂ ತಗೋಬೇಕು. ಆದರೆ ಕಳ್ಳನ ಕೈಯಲ್ಲೇ "ನಾನು ಕಳ್ಳ ಅಲ್ಲ" ಅಂತ ಬರೆಸಿಕೊಂಡ ಹಾಗೆ ಅದು, ಬೇರೆ ಸಾಕ್ಷಿ ಇಲ್ಲದೆ ನಿಲ್ಲಲ್ಲ. (ಇಲ್ಲಿ ಯಾರೂ ಕಳ್ಳರಲ್ಲ, ಮಾತಿಗೆ ಹೇಳಿದೆ.)

ನನಗೆ ಕಾಡ್ತಿರೋ ಪ್ರಶ್ನೆ ಬೇರೆ. ಬಿಲ್ ಬದಲಿಸಿದ್ದು ಬೇಕಂತಲೇ ಅಂತ ನಂಬೋಕೆ ಕಾರಣ ಸಿಕ್ಕರೆ ಮೋಸ ಕಂಡರೆ ವರದಿ ಮಾಡಬೇಕು ಅನ್ನೋ ಕಂಪನಿ ಕಾಯ್ದೆಯ 143(12) ಬರುತ್ತೆ. 1 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಆದರೆ ಕೇಂದ್ರ ಸರ್ಕಾರದವರೆಗೆ ಹೋಗಬೇಕು. ಇಲ್ಲಿ ಮೊತ್ತ ಯಾವುದು? ಬಿಲ್ 1.5 ಕೋಟಿ, ಲಾಭದ ಮೇಲೆ ಪರಿಣಾಮ 30 ಲಕ್ಷ.

---

ಲೆಕ್ಕದ ರಾಯರು · ಶುಕ್ರವಾರ, ಮಧ್ಯಾಹ್ನ 1:00

ನಾನಾದರೆ ಪರಿಣಾಮವನ್ನೇ ನೋಡ್ತೀನಿ, ಆದರೆ ಇದರಲ್ಲಿ ನನ್ನ ಜೊತೆ ಒಪ್ಪದವರು ಇದ್ದಾರೆ. ಮೊದಲು ಉದ್ದೇಶ ಗೊತ್ತಾಗಲಿ. ಇದು ಪಾರ್ಟ್ನರ್ ಮಟ್ಟದ ತೀರ್ಮಾನ, ಹುಡುಗಿಯ ತಲೆ ಮೇಲೆ ಹಾಕಬೇಡಿ.

---

ಗಾಂಧಿಬಜಾರ್ ಹುಡುಗಿ · ಬುಧವಾರ, ರಾತ್ರಿ 11:20

ಸವಿತಾ ಮೇಡಂ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಫೆಬ್ರವರಿಯಲ್ಲಿ ಕ್ಯಾಶ್ ಕ್ರೆಡಿಟ್ ಲಿಮಿಟ್ ಏರಿಸೋಕೆ ಬ್ಯಾಂಕಿಗೆ ಬರೆದ ಪತ್ರ ಫೈಲಿನಲ್ಲೇ ಇತ್ತು. "ನಮ್ಮ ಗ್ರಾಹಕರು ಪಾವತಿ ತಡ ಮಾಡುತ್ತಿದ್ದಾರೆ, ವಸೂಲಿಗೆ ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತಿದೆ" ಅಂತ ಬರೆದಿದ್ದಾರೆ. ನಮಗೆ ಕೊಟ್ಟ ಇಸಿಎಲ್ ಟಿಪ್ಪಣಿಯಲ್ಲಿ "ಗ್ರಾಹಕರ ಪಾವತಿ ಸ್ಥಿತಿ ಸುಧಾರಿಸಿದೆ" ಅಂತ ಇದೆ. ಎರಡಕ್ಕೂ ಸಹಿ ಒಬ್ಬರದೇ. ಎರಡನ್ನೂ ಪ್ರಿಂಟ್ ತೆಗೆದು ಅಕ್ಕಪಕ್ಕ ಇಟ್ಟು ಪಾರ್ಟ್ನರ್ ಸರ್‌ಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ "ಮೀಟಿಂಗ್ ಫಿಕ್ಸ್ ಮಾಡು" ಅಂದರು.

ಮೀಟಿಂಗ್ ನಿನ್ನೆ ಆಯಿತು. ಕೊಯಮತ್ತೂರು ಬಿಲ್ ವಾಪಸ್ 181–365 ಗುಂಪಿಗೆ ಹಾಕೋಕೆ ಒಪ್ಪಿದರು. 365 ದಾಟಿದ್ದಕ್ಕೆ 60ರ ಬದಲು 85% ಅಂದರು. ಒಬ್ಬ ಗ್ರಾಹಕ ಮೇನಲ್ಲಿ ನಿಜವಾಗಿಯೂ 8 ಲಕ್ಷ ಕಟ್ಟಿದ್ದಾನೆ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದೆ. ಪೀಣ್ಯ ಸರ್ ಹೇಳಿದ ಹಾಗೆ ನಮ್ಮ 92 ಸ್ವಲ್ಪ ಜಾಸ್ತಿಯೇ ಇರಬಹುದು. 181–365 ಗುಂಪಿನ 20% ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ಈಗ ಪ್ರಾವಿಷನ್ 1.99 ಕೋಟಿ. ನಮ್ಮ ಕೆಳಗಿನ ತುದಿಗೆ 28 ಲಕ್ಷ ಕಮ್ಮಿ, ಮೆಟೀರಿಯಾಲಿಟಿಯ ಒಳಗೆ. ಪಾರ್ಟ್ನರ್ ಸರ್ ಅದನ್ನು ಸರಿಪಡಿಸದ ತಪ್ಪುಗಳ ಪಟ್ಟಿಗೆ ಸೇರಿಸು ಅಂದರು.

ಲಾಭ 9.04ರಿಂದ 8.49ಕ್ಕೆ ಬಂತು. ಮುಗೀತು ಅಂದುಕೊಂಡು ಮನೆಗೆ ಹೋದೆ.

ಇವತ್ತು ಬೆಳಿಗ್ಗೆ ಹೊಸ ಟ್ರಯಲ್ ಬ್ಯಾಲೆನ್ಸ್ ಬಂತು. ಲಾಭ 9.01 ಕೋಟಿ. ವಾರಂಟಿ ಪ್ರಾವಿಷನ್‌ನಲ್ಲಿ 52 ಲಕ್ಷ ರಿವರ್ಸ್ ಮಾಡಿದ್ದಾರೆ. ಟಿಪ್ಪಣಿಯಲ್ಲಿ ಒಂದೇ ಸಾಲು: "ಗುಣಮಟ್ಟ ಸುಧಾರಿಸಿರುವುದರಿಂದ."

---

ಪೀಣ್ಯ ಫೈನಾನ್ಸ್ · ಬುಧವಾರ, ರಾತ್ರಿ 11:35

ಇದನ್ನು ನಾನು ಸಮರ್ಥಿಸಲ್ಲ.

---

ಜಯನಗರ 4ನೇ ಬ್ಲಾಕ್ · ಬುಧವಾರ, ರಾತ್ರಿ 11:48

ಈ ಎಂಟ್ರಿ ಬಂದ ಮೇಲೆ ಆ 28 ಲಕ್ಷವನ್ನು ಬರೀ ಮೊತ್ತ ನೋಡಿ ಬಿಡೋಕೆ ಆಗುತ್ತಾ? ಒಂದು ಕಡೆ ಒಪ್ಪಿದ್ದನ್ನು ಇನ್ನೊಂದು ಕಡೆ ವಾಪಸ್ ತಗೊಂಡಿದ್ದಾರೆ. ಆಡಿಟ್ ಕಮಿಟಿ ಇದ್ದರೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಮುಂದಿಡಿ.

---

ಲೆಕ್ಕದ ರಾಯರು · ಗುರುವಾರ, ಬೆಳಿಗ್ಗೆ 6:05

ಜಯನಗರದವರ ಮಾತು ಸರಿ. ಆ ಎಂಟ್ರಿ ಯಾವ ದಿನ, ಯಾರ ಲಾಗಿನ್‌ನಲ್ಲಿ, ಮೀಟಿಂಗ್ ಮುಗಿದು ಎಷ್ಟು ಹೊತ್ತಿಗೆ ಆಯಿತು, ಎಡಿಟ್ ಲಾಗ್ ಪ್ರಿಂಟ್ ತೆಗೆದು ಫೈಲಿಗೆ ಹಾಕಿ.

ವಾರಂಟಿಗೆ ಗುಣಮಟ್ಟ ವಿಭಾಗದ ವರದಿ ಕೇಳಬೇಡಿ, ಅದು ಯಾವಾಗಲೂ ಸುಧಾರಿಸಿರುತ್ತೆ. ಏಪ್ರಿಲ್ ಮತ್ತು ಮೇನಲ್ಲಿ ಗ್ರಾಹಕರು ರಿಜೆಕ್ಷನ್‌ಗೆ ಕಳಿಸಿದ ಡೆಬಿಟ್ ನೋಟ್‌ಗಳನ್ನು ತರಿಸಿ. ಕೊಯಮತ್ತೂರಿನದೂ ಅದರಲ್ಲಿ ಇದೆಯಾ ನೋಡಿ. ಆ 1.5 ಕೋಟಿ ಯಾಕೆ ಎಂಟು ತಿಂಗಳು ನಿಂತಿತ್ತು ಅಂತ ಇನ್ನೂ ಯಾರೂ ಹೇಳಿಲ್ಲ.

---

ಗಾಂಧಿಬಜಾರ್ ಹುಡುಗಿ · ಗುರುವಾರ, ಬೆಳಿಗ್ಗೆ 8:15

ಮೆಟ್ರೋದಲ್ಲಿದ್ದೇನೆ, ಪೀಣ್ಯಕ್ಕೆ ಹೋಗ್ತಿದ್ದೇನೆ. ಕೊಯಮತ್ತೂರಿನ ಕನ್ಫರ್ಮೇಶನ್ ಇನ್ನೂ ಬಂದಿಲ್ಲ. ಡೆಬಿಟ್ ನೋಟ್ ಫೈಲ್ ಸ್ಟೋರ್‌ನಲ್ಲಿ ಇರುತ್ತೆ, ಅಕೌಂಟ್ಸ್‌ನಲ್ಲಿ ಅಲ್ಲ ಅಂತ ಆ ಹುಡುಗ ನಿನ್ನೆ ಹೊರಡುವಾಗ ಹೇಳಿದ್ದ.